ಲೇಬಲ್ ಕಿತ್ತುಹೋದ ಟಿವಿಗೆ ಯಾವ ವಾಲ್ ಬ್ರ್ಯಾಕೆಟ್? ಹಿಂದಿನ ಪೋರ್ಟ್ ನೋಡಿ ಆರಿಸುವ ಬಗೆ

ವಾಲ್ ಬ್ರ್ಯಾಕೆಟ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಇಂಚು, ಯಾವ ಮಾಡೆಲ್?" ಹೊಸ ಟಿವಿ ಆದರೆ ಬಿಲ್ಲಿನಲ್ಲೇ ಉತ್ತರ ಇರುತ್ತದೆ. ಸೆಕೆಂಡ್ ಹ್ಯಾಂಡ್ ಟಿವಿ, ಬಾಡಿಗೆ ಮನೆಯವರು ಬಿಟ್ಟುಹೋದ ಟಿವಿ, ನೆಂಟರು ಕೊಟ್ಟ ಟಿವಿ ಆದರೆ ಹಾಗಿರುವುದಿಲ್ಲ. ಹಿಂದಿನ ಲೇಬಲ್ ಉಜ್ಜಿ ಅಳಿಸಿರುತ್ತದೆ, ಇಲ್ಲವೇ ಅರ್ಧ ಕಿತ್ತುಹೋಗಿರುತ್ತದೆ. ಆಗ ಉಳಿಯುವ ದೊಡ್ಡ ಸುಳಿವು ಹಿಂದಿನ ಪೋರ್ಟ್‌ಗಳೇ.

ಪೋರ್ಟ್‌ಗಳಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಟಿವಿ ಸುಮಾರು ಯಾವ ವರ್ಷದ್ದು, ಯಾವ ದರ್ಜೆಯದ್ದು ಅನ್ನುವುದು. ಎರಡು, ಕೇಬಲ್ ಯಾವ ಕಡೆಗೆ ಹೊರಗೆ ಬರುತ್ತದೆ ಅನ್ನುವುದು. ಎಲ್ಲರೂ ಮೊದಲನೆಯದರ ಹಿಂದೆ ಬೀಳುತ್ತಾರೆ. ಬ್ರ್ಯಾಕೆಟ್ ವಿಷಯದಲ್ಲಿ ಎರಡನೆಯದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಇದನ್ನು ದಾವಣಗೆರೆಯ ನಮ್ಮ ಅಕ್ಕನ ಮನೆಯ ಟಿವಿ ಇಟ್ಟುಕೊಂಡು ಹೇಳುತ್ತೇನೆ. ಮನೆ ಬದಲಿಸುತ್ತಿದ್ದವರಿಂದ ಅವಳು ತಗೊಂಡ 43 ಇಂಚಿನ ಸ್ಯಾಮ್ಸಂಗ್ ಅದು. ಮುಂದೆ ಕಂಪನಿಯ ಹೆಸರಿದೆ, ಹಿಂದೆ ಲೇಬಲ್ ಇಲ್ಲ, ರಿಮೋಟ್ ಕೂಡ ಬೇರೆ ಕಂಪನಿಯದು.

ಮೊದಲು ಸುಲಭದ ದಾರಿಗಳು

ಟಿವಿ ಆನ್ ಆಗುತ್ತಿದ್ದು, ಮೆನು ತೆರೆಯುವಂತಿದ್ದರೆ ಲೇಬಲ್ ಹುಡುಕುವುದೇ ಬೇಡ. ಸ್ಯಾಮ್ಸಂಗ್‌ನಲ್ಲಿ Settings > Support > About This TV ಒಳಗೆ ಪೂರ್ತಿ ಮಾಡೆಲ್ ಕೋಡ್ ಸಿಗುತ್ತದೆ. ಎಲ್‌ಜಿಯಲ್ಲಿ Support ಒಳಗೆ TV Information ನೋಡಿ. ಸೋನಿ ಆಂಡ್ರಾಯ್ಡ್ ಟಿವಿಯಲ್ಲಿ Device Preferences > About. ಮುಂದುಗಡೆ ವಿದ್ಯುತ್ ಉಳಿತಾಯದ ಸ್ಟಾರ್ ಸ್ಟಿಕ್ಕರ್ ಇನ್ನೂ ಉಳಿದಿದ್ದರೆ ಅದರ ಮೇಲೂ ಮಾಡೆಲ್ ಬರೆದಿರುತ್ತದೆ.

ಕೋಡ್ ಸಿಕ್ಕಿದರೆ ಅದನ್ನು ಓದುವುದು ಕಷ್ಟವಲ್ಲ. ಸ್ಯಾಮ್ಸಂಗ್‌ನಲ್ಲಿ UA43 ಅಂದರೆ 43 ಇಂಚು. ಅದರ ಮುಂದಿನ ಅಕ್ಷರ ವರ್ಷ ಹೇಳುತ್ತದೆ: K ಅಂದರೆ 2016, M ಅಂದರೆ 2017, N 2018, R 2019, T 2020, A 2021. ಎಲ್‌ಜಿಯ 4ಕೆ ಟಿವಿಗಳಲ್ಲಿ UK 2018, UM 2019, UN 2020, UP 2021. ಸೋನಿಯಲ್ಲಿ ಕೊನೆಯ ಅಕ್ಷರ ನೋಡಬೇಕು: F 2018, G 2019, H 2020, J 2021.

ಒಂದು ಎಚ್ಚರ. ರಿಮೋಟ್ ಮೇಲಿನ ನಂಬರ್, ಪ್ಯಾನೆಲ್ ಮೇಲಿನ ನಂಬರ್, ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಗುರುತಿನ ಜೊತೆಗಿನ R ಅಕ್ಷರದ ನಂಬರ್, ಇವು ಯಾವುವೂ ಮಾಡೆಲ್ ಅಲ್ಲ. R ನಂಬರ್ ಟಿವಿ ತಯಾರಾದ ಕಾರ್ಖಾನೆಯ ನೋಂದಣಿಗೆ ಸೇರಿದ್ದು. ಹೆಸರು ಕೇಳಿರದ ಬ್ರ್ಯಾಂಡ್‌ಗಳ ಟಿವಿಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರು ತಯಾರಿಸಿದ್ದು ಅಂತ ಗೊತ್ತಾಗುತ್ತದೆ.

ಅಕ್ಕನ ಟಿವಿಯಲ್ಲಿ ಚಿತ್ರ ಬರುತ್ತಿತ್ತು. ಆದರೆ ರಿಮೋಟ್ ಇಲ್ಲದೆ ಮೆನು ತೆರೆಯಲು ಆಗಲಿಲ್ಲ. ಹಾಗಾಗಿ ಟಿವಿಯನ್ನು ಹಾಸಿಗೆಯ ಅಂಚಿಗೆ ಒರಗಿಸಿ ಹಿಂಭಾಗ ನೋಡಿದೆವು.

ಪೋರ್ಟ್‌ಗಳು ಹೇಳುವ ವಯಸ್ಸು

ಹಿಂದೆ ನೋಡುವಾಗ ಇರುವುದನ್ನು ಮಾತ್ರ ನೋಡಬೇಡಿ, ಇಲ್ಲದ್ದನ್ನೂ ಗಮನಿಸಿ. ಟಿವಿ ಕಂಪನಿಗಳು ಹಳೆಯ ಪೋರ್ಟ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದಿವೆ. ಹಾಗಾಗಿ ಯಾವುದು ಇಲ್ಲ ಅನ್ನುವುದೂ ವರ್ಷ ಹೇಳುತ್ತದೆ.

ನಾಲ್ಕು ಸಣ್ಣ ಪಿನ್‌ಗಳ ದುಂಡಗಿನ ಎಸ್-ವಿಡಿಯೊ ಪೋರ್ಟ್ ಇದ್ದರೆ ಅದು ಎಲ್‌ಸಿಡಿ ಟಿವಿಗಳ ಮೊದಲ ಕಾಲದ್ದು, 2010ರ ಆಸುಪಾಸು ಅಥವಾ ಅದಕ್ಕಿಂತ ಹಳೆಯದು. ಕಂಪ್ಯೂಟರ್‌ಗೆ ಅಂತ ಇರುವ 15 ಪಿನ್‌ನ ವಿಜಿಎ ಪೋರ್ಟ್ ದೊಡ್ಡ ಬ್ರ್ಯಾಂಡ್‌ಗಳ ಟಿವಿಯಲ್ಲಿ ಅದಾದ ಮೇಲೂ ಕೆಲವು ವರ್ಷ ಇತ್ತು, ನಂತರ ಮಾಯವಾಯಿತು. ಕಡಿಮೆ ಬೆಲೆಯ ಸ್ಥಳೀಯ ಬ್ರ್ಯಾಂಡ್‌ಗಳು ಮಾತ್ರ ಅದನ್ನು ತುಂಬಾ ದಿನ ಉಳಿಸಿಕೊಂಡವು. ಅಂಥ ಟಿವಿಗಳಲ್ಲಿ ವಿಜಿಎ ನೋಡಿ ವಯಸ್ಸು ಹೇಳಲು ಹೋಗಬೇಡಿ.

ಬಣ್ಣದ ಜ್ಯಾಕ್‌ಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಹಸಿರು, ನೀಲಿ, ಕೆಂಪು ಕಾಂಪೊನೆಂಟ್ ಜ್ಯಾಕ್ ಬೇರೆ, ಹಳದಿ ಎವಿ ಜ್ಯಾಕ್ ಬೇರೆ ಇದ್ದರೆ ಟಿವಿ ಹಳೆಯದು. ಹಸಿರು ಮತ್ತು ಹಳದಿ ಎರಡೂ ಒಂದೇ ಜ್ಯಾಕಿನಲ್ಲಿ ಸೇರಿದ್ದರೆ ಅದು ನಡುಗಾಲದ್ದು. ಬಣ್ಣದ ಜ್ಯಾಕೇ ಇಲ್ಲದೆ ಹೆಡ್‌ಫೋನ್ ತೂತಿನಂಥ ಒಂದು ಸಣ್ಣ ಎವಿ ತೂತು ಮಾತ್ರ ಇದ್ದರೆ, ಇಲ್ಲವೇ ಅದೂ ಇಲ್ಲದಿದ್ದರೆ, ಇತ್ತೀಚಿನದು.

ಇನ್ನು ಎಚ್‌ಡಿಎಂಐ. ಪೋರ್ಟ್ ಪಕ್ಕದ ಸಣ್ಣ ಅಕ್ಷರಗಳನ್ನು ಮೊಬೈಲ್ ಟಾರ್ಚ್ ಹಾಕಿ ಓದಿ. ಎಆರ್‌ಸಿ ಅಂತ ಬರೆದಿದ್ದರೆ ಟಿವಿ 2009ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಏಕೆಂದರೆ ಟಿವಿಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ಆ ಸೌಲಭ್ಯ ಬಂದದ್ದೇ ಆ ವರ್ಷದ ಎಚ್‌ಡಿಎಂಐ 1.4 ಜೊತೆಗೆ. ಇ-ಎಆರ್‌ಸಿ ಅಂತ ಇದ್ದರೆ ಸಾಮಾನ್ಯವಾಗಿ 2019 ಅಥವಾ ಅದರ ನಂತರದ್ದು. ಎಂಎಚ್‌ಎಲ್ ಅಂತ ಇದ್ದರೆ ಫೋನನ್ನು ವೈರ್ ಮೂಲಕ ಟಿವಿಗೆ ಜೋಡಿಸುತ್ತಿದ್ದ ಕಾಲದ್ದು, 2010ರ ದಶಕದ ಮೊದಲ ಅರ್ಧದ್ದು. ಎಚ್‌ಡಿಎಂಐ ಎಷ್ಟಿವೆ ಅನ್ನುವುದೂ ಮುಖ್ಯ. ಒಂದೇ ಅಳತೆಯಲ್ಲಿ ಕೆಳದರ್ಜೆಯ ಸರಣಿಗೆ ಸಾಮಾನ್ಯವಾಗಿ ಎರಡು, ಮೇಲಿನದಕ್ಕೆ ಮೂರೋ ನಾಲ್ಕೋ ಕೊಡುತ್ತಾರೆ.

ಅಕ್ಕನ ಟಿವಿಯಲ್ಲಿ ಕಂಡದ್ದು ಇಷ್ಟು: ಮೂರು ಎಚ್‌ಡಿಎಂಐ, ಒಂದಕ್ಕೆ ಎಆರ್‌ಸಿ ಗುರುತು, ಇ-ಎಆರ್‌ಸಿ ಇಲ್ಲ. ಎರಡು ಯುಎಸ್‌ಬಿ. ನೆಟ್‌ವರ್ಕ್ ಕೇಬಲಿನ ಲ್ಯಾನ್ ಪೋರ್ಟ್. ಹಸಿರು-ಹಳದಿ ಸೇರಿದ ಒಂದು ಜ್ಯಾಕ್, ಪಕ್ಕದಲ್ಲಿ ನೀಲಿ, ಕೆಂಪು, ಬಿಳಿ. ವಿಜಿಎ ಇಲ್ಲ, ಎಸ್-ವಿಡಿಯೊ ಇಲ್ಲ. ಇಷ್ಟರಿಂದ 2015ರಿಂದ 2019ರ ನಡುವಿನ 4ಕೆ ಸ್ಮಾರ್ಟ್ ಟಿವಿ ಇರಬೇಕು ಅಂತ ಲೆಕ್ಕ ಹಾಕಿದೆವು.

ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಯನ್ನೇ ಕೇಳಿ

ಇದು ಬಹಳ ಜನರಿಗೆ ಗೊತ್ತಿಲ್ಲದ ದಾರಿ. ಪ್ರತಿ ಟಿವಿಯೂ ಎಚ್‌ಡಿಎಂಐ ಮೂಲಕ ತನ್ನ ಬಗ್ಗೆ ಒಂದು ಸಣ್ಣ ವಿವರವನ್ನು ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಅದಕ್ಕೆ ಇಡಿಐಡಿ ಅನ್ನುತ್ತಾರೆ. ಅದರಲ್ಲಿ ಕಂಪನಿಯ ಮೂರಕ್ಷರದ ಗುರುತು, ತಯಾರಾದ ವರ್ಷ, ಪರದೆಯ ರೆಸಲ್ಯೂಷನ್ ಇರುತ್ತವೆ. ಈ ವಿವರ ಟಿವಿಯೊಳಗೆ ಒಂದು ಸಣ್ಣ ಮೆಮೊರಿಯಲ್ಲಿ ಕೂತಿರುತ್ತದೆ. ಹಾಗಾಗಿ ಪರದೆ ಹಾಳಾದ ಟಿವಿಯಲ್ಲೂ ಎಷ್ಟೋ ಸಲ ಇದು ಸಿಗುತ್ತದೆ.

ಲಿನಕ್ಸ್ ಲ್ಯಾಪ್‌ಟಾಪ್ ಆದರೆ ಕೇಬಲ್ ಹಾಕಿ ಹೀಗೆ ಕೊಡಿ:

```
edid-decode /sys/class/drm/card0-HDMI-A-1/edid
```

card0 ಜಾಗದಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ card1 ಇರುತ್ತದೆ. ವಿಂಡೋಸ್ ಇದ್ದವರು MonitorInfoView ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಬಹುದು. ಕಂಪನಿ ಗುರುತು SAM ಅಂತ ಬಂದರೆ ಸ್ಯಾಮ್ಸಂಗ್, GSM ಅಂದರೆ ಎಲ್‌ಜಿ, SNY ಅಂದರೆ ಸೋನಿ. ವರ್ಷವನ್ನು ಒಂದಷ್ಟು ಸಡಿಲವಾಗಿಯೇ ತೆಗೆದುಕೊಳ್ಳಿ. ಒಂದೇ ವಿವರವನ್ನು ಎರಡು ವರ್ಷದ ಟಿವಿಗಳಿಗೆ ಹಾಕಿರುವುದೂ ಉಂಟು. ಹೆಸರಿನ ಜಾಗದಲ್ಲಿ ಹೆಚ್ಚಾಗಿ ಕಂಪನಿಯ ಹೆಸರಷ್ಟೇ ಬರುತ್ತದೆ, ಪೂರ್ತಿ ಮಾಡೆಲ್ ಬರುವುದು ಕಡಿಮೆ.

ಅಕ್ಕನ ಟಿವಿಗೆ SAM ಮತ್ತು 2018 ಬಂತು. ಪೋರ್ಟ್ ನೋಡಿ ಮಾಡಿದ ಲೆಕ್ಕಕ್ಕೂ ಇದು ಕೂಡಿತು. ಅಂದರೆ ಮಾಡೆಲ್ UA43N ಅಂತ ಶುರುವಾಗುತ್ತದೆ, 4ಕೆ ಆದ್ದರಿಂದ ಮುಂದಿನ ಅಕ್ಷರ U. ಅದರ ಮುಂದಿನ ಅಂಕಿಗಳು ಪೋರ್ಟ್‌ನಿಂದ ಗೊತ್ತಾಗುವುದಿಲ್ಲ. ಬ್ರ್ಯಾಕೆಟ್‌ಗೆ ಅವು ಬೇಕಾಗುವುದೂ ಇಲ್ಲ. ಬ್ರ್ಯಾಕೆಟ್‌ಗೆ ಬೇಕಾದದ್ದೆಲ್ಲ ಟಿವಿಯ ಬೆನ್ನ ಮೇಲೆಯೇ ಅಳೆಯಲು ಸಿಗುತ್ತದೆ.

ನಾಲ್ಕು ತೂತು ಅಳೆಯುವುದು

ಟಿವಿ ಬೆನ್ನಿನ ನಾಲ್ಕು ತೂತುಗಳ ನಡುವಿನ ಅಂತರಕ್ಕೆ ವೆಸಾ ಅಳತೆ ಅನ್ನುತ್ತಾರೆ. ಮೊದಲು ಅಡ್ಡ ಅಂತರ, ಆಮೇಲೆ ನಿಲುವು, ಎರಡೂ ಮಿಲಿಮೀಟರ್‌ನಲ್ಲಿ. 200×100 ಅಂದರೆ ಅಡ್ಡ 200, ನಿಲುವು 100. ಬಾಕ್ಸ್ ಮೇಲೆ "32ರಿಂದ 55 ಇಂಚಿಗೆ" ಅಂತ ಬರೆದಿರುವುದನ್ನು ನಂಬಿ ಕೊಳ್ಳಬೇಡಿ. ಒಂದೇ 32 ಇಂಚಿನಲ್ಲಿ ಕೆಲವಕ್ಕೆ 100×100 ಇರುತ್ತದೆ, ಕೆಲವಕ್ಕೆ 200×100, ಕೆಲವಕ್ಕೆ 200×200. ಇಂಚು ನೋಡಿದರೆ ತೂತಿನ ಅಳತೆ ಗೊತ್ತಾಗುವುದಿಲ್ಲ.

ತೂತಿನ ನಡುಮಧ್ಯ ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ ಅಲ್ವಾ? ಅದಕ್ಕೆ ಒಂದು ತೂತಿನ ಎಡ ಅಂಚಿನಿಂದ ಇನ್ನೊಂದು ತೂತಿನ ಎಡ ಅಂಚಿಗೆ ಟೇಪ್ ಹಿಡಿಯಿರಿ. ಅಳತೆ ಅದೇ ಬರುತ್ತದೆ. ಟೇಪ್ ಇಲ್ಲದಿದ್ದರೆ ಎ4 ಕಾಗದ ಸಾಕು. ಅದರ ಅಗಲ 210 ಮಿಮೀ. ಕಾಗದದ ಅಗಲದ ಬದಿಯನ್ನು ಎರಡು ತೂತುಗಳ ಮೇಲೆ ನಡುವಿಗೆ ಸರಿಯಾಗಿ ಇಟ್ಟಾಗ ಎರಡೂ ಕಡೆ ಐದೈದು ಮಿಮೀ ಮಾತ್ರ ಉಳಿದರೆ ಅದು 200.

ಸ್ಟ್ಯಾಂಡ್ ಕಾಲಿಗೆ ಅಂತ ಕೆಳಗಿರುವ ತೂತುಗಳನ್ನು, ಹಿಂದಿನ ಕವರ್ ಹಿಡಿದಿರುವ ಸಣ್ಣ ಸ್ಕ್ರೂಗಳನ್ನು ಬ್ರ್ಯಾಕೆಟ್ ತೂತು ಅಂದುಕೊಳ್ಳಬೇಡಿ. ಬ್ರ್ಯಾಕೆಟ್ ತೂತುಗಳು ಸರಿಯಾದ ಚೌಕ ಅಥವಾ ಆಯತದ ನಾಲ್ಕು ಮೂಲೆಯಲ್ಲಿರುತ್ತವೆ. ಒಳಗೆ ಸ್ಕ್ರೂ ಕಚ್ಚುವ ಲೋಹದ ಮರೆ ಕಾಣುತ್ತದೆ. ಕೆಲವು ಟಿವಿಗಳಲ್ಲಿ ಪ್ಲಾಸ್ಟಿಕ್ ಮುಚ್ಚಳ ಹಾಕಿ ಮುಚ್ಚಿರುತ್ತಾರೆ, ಬೆರಳಿನಿಂದ ಸವರಿ ಹುಡುಕಬೇಕು.

ತೂಕ ಗೊತ್ತಾಗಬೇಕಾದರೆ ಮನುಷ್ಯರ ತೂಕ ನೋಡುವ ಮಷೀನ್ ಮೇಲೆ ಟಿವಿ ಹಿಡಿದು ನಿಲ್ಲಿ, ಆಮೇಲೆ ಟಿವಿ ಇಲ್ಲದೆ ನಿಲ್ಲಿ. ವ್ಯತ್ಯಾಸವೇ ಟಿವಿಯ ತೂಕ. ಅಕ್ಕನ ಟಿವಿ ಕಾಲು ಬಿಚ್ಚಿದ ಮೇಲೆ ಒಂಬತ್ತೂವರೆ ಕೆಜಿ ಬಂತು, ತೂತು 200×200.

ಸ್ಕ್ರೂ ಉದ್ದ: ಟಿವಿ ಕೆಡುವುದು ಇಲ್ಲೇ

ತೂತಿಗೆ ಸ್ಕ್ರೂ ಸರಿಯಾಗಿ ಕೂತರೂ ಉದ್ದ ತಪ್ಪಿದರೆ ಎರಡು ರೀತಿ ತೊಂದರೆ. ಗಿಡ್ಡ ಆದರೆ ಎರಡೇ ಮರೆಗೆ ಸಿಕ್ಕಿಕೊಂಡು, ಟಿವಿ ಅಲ್ಲಾಡಿಸಿದಾಗ ಕಿತ್ತು ಬರುತ್ತದೆ. ಉದ್ದ ಆದರೆ ಒಳಗಿನ ಬೋರ್ಡಿಗೋ ಪ್ಯಾನೆಲ್‌ಗೋ ಒತ್ತುತ್ತದೆ. ಆಗ ಪರದೆಯ ಮೇಲೆ ಒಂದು ಕಡೆ ಬೆಳ್ಳಗಿನ ಮಚ್ಚೆ ಕಾಣಿಸಬಹುದು. ಸ್ಕ್ರೂ ತಳಕ್ಕೆ ತಾಗಿ ನಿಂತರೂ ಬ್ರ್ಯಾಕೆಟ್ ಪಟ್ಟಿ ಸಡಿಲವಾಗಿಯೇ ಇದೆ ಅಂದರೆ ಸ್ಕ್ರೂ ಉದ್ದವಾಯಿತು ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ, ಜೋರು ಮಾಡಿ ತಿರುಗಿಸಬೇಡಿ.

ಸಣ್ಣ ಟಿವಿಗಳಿಗೆ ಹೆಚ್ಚಾಗಿ 4 ಮಿಮೀ ದಪ್ಪದ ಎಂ4 ಸ್ಕ್ರೂ, ಅದಕ್ಕಿಂತ ದೊಡ್ಡವಕ್ಕೆ ಎಂ6, ಭಾರದವಕ್ಕೆ ಎಂ8. ಎಲ್‌ಜಿಯ 43 ಇಂಚಿಗೆ ಸಾಮಾನ್ಯವಾಗಿ ಎಂ6 ಬೀಳುತ್ತದೆ. ಸ್ಯಾಮ್ಸಂಗ್ 43 ಇಂಚಿಗೆ ಅದೇ 200×200 ಇದ್ದರೂ ಎಂ8 ಬೀಳುವುದು ಜಾಸ್ತಿ, ಅದೂ ಆಳದ ತೂತು. ಸರಿಯಾದ ಸ್ಕ್ರೂ ಬರೀ ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಸ್ಕ್ರೂಡ್ರೈವರ್‌ನ ಬಲ ಬೇಕಾಯಿತು ಅಂದರೆ ಅದು ಬೇರೆ ಸ್ಕ್ರೂ.

ಆಳ ನೋಡಲು ತೆಂಗಿನ ಪೊರಕೆ ಕಡ್ಡಿ ತುಂಬಾ ಒಳ್ಳೆಯದು. ತೂತಿನೊಳಗೆ ಮೆಲ್ಲಗೆ ಇಳಿಸಿ, ತಳಕ್ಕೆ ತಾಗಿದಲ್ಲಿ ಉಗುರಿನಿಂದ ಹಿಡಿದು ಹೊರಗೆ ತೆಗೆದು ಅಳೆಯಿರಿ. ನಾಲ್ಕೂ ತೂತು ನೋಡಿ, ಮೇಲಿನವು ಮತ್ತು ಕೆಳಗಿನವು ಬೇರೆ ಆಳ ಇರಬಹುದು. ಅಕ್ಕನ ಟಿವಿಯಲ್ಲಿ ನಾಲ್ಕೂ 42 ಮಿಮೀ ಬಂದವು. ಮರೆ ಇದ್ದದ್ದು ತಳದ ಕಡೆಗೆ ಮಾತ್ರ. ಬ್ರ್ಯಾಕೆಟ್ ಕಿಟ್ಟಿನಲ್ಲಿ ಬಂದಿದ್ದ ಎಂ8 ಸ್ಕ್ರೂ 20 ಮಿಮೀ ಉದ್ದದ್ದು, ಅದು ಮರೆಯನ್ನು ಮುಟ್ಟುವುದೇ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 45 ಮಿಮೀ ಸಿಕ್ಕಿತು. ಬ್ರ್ಯಾಕೆಟ್ ಪಟ್ಟಿಯ ದಪ್ಪ 2 ಮಿಮೀ ಕಳೆದರೆ 43 ಒಳಗೆ ಹೋಗುತ್ತದೆ, ತೂತು ಇರುವುದು 42. ಒಂದು ಮಿಮೀ ಹೆಚ್ಚು. ಅದಕ್ಕೆ ಪ್ರತಿ ಸ್ಕ್ರೂಗೂ ಒಂದೂವರೆ ಮಿಮೀ ದಪ್ಪದ ಎರಡು ವಾಷರ್ ಹಾಕಿದೆವು. ಈಗ ಒಳಗೆ ಹೋಗುವುದು 40, ತಳಕ್ಕೆ 2 ಮಿಮೀ ಬಿಡುವು. ಟಿವಿ ಬೆನ್ನು ಉಬ್ಬಿದ್ದು ಪಟ್ಟಿ ಸಮವಾಗಿ ಕೂರದಿದ್ದರೆ ನಡುವೆ ಸ್ಪೇಸರ್ ಹಾಕಬೇಕಾಗುತ್ತದೆ. ಆಗ ಸ್ಪೇಸರ್ ಉದ್ದವನ್ನೂ ಪಟ್ಟಿಯ ದಪ್ಪಕ್ಕೆ ಸೇರಿಸಿ ಲೆಕ್ಕ ಹಾಕಿ.

ಫಿಕ್ಸ್ಡ್, ಟಿಲ್ಟ್, ಸ್ವಿವೆಲ್: ಪೋರ್ಟ್ ದಿಕ್ಕು ನೋಡಿ ಆರಿಸಿ

ಈಗ ಪೋರ್ಟ್‌ಗಳ ಕಡೆ ಮತ್ತೆ ಬರೋಣ. ಟಿವಿಯ ಪೋರ್ಟ್‌ಗಳು ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ಪಕ್ಕಕ್ಕೆ, ಕೆಳಕ್ಕೆ, ಅಥವಾ ನೇರ ಹಿಂದಕ್ಕೆ ಅಂದರೆ ಗೋಡೆಯ ಕಡೆಗೆ. ಪಕ್ಕದವು ಮತ್ತು ಕೆಳಗಿನವು ತೊಂದರೆ ಕೊಡುವುದಿಲ್ಲ. ಗೋಡೆಯ ಕಡೆಗೆ ನೋಡುವ ಪೋರ್ಟ್ ಒಂದೇ ಒಂದು ಇದ್ದು, ಅದನ್ನು ನೀವು ಬಳಸುವವರಾದರೆ, ಬ್ರ್ಯಾಕೆಟ್ ಆಯ್ಕೆಯನ್ನು ಅದೇ ನಿರ್ಧರಿಸುತ್ತದೆ.

ಅಳೆಯುವ ಬಗೆ ಹೀಗೆ. ಬಳಸುವ ಕೇಬಲನ್ನು ಪೋರ್ಟಿಗೆ ಹಾಕಿ, ಸಹಜವಾಗಿ ಬಾಗಲು ಬಿಡಿ. ಟಿವಿ ಬೆನ್ನಿನ ಅತಿ ಉಬ್ಬಿದ ಜಾಗದ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು, ಅಲ್ಲಿಂದ ಕೇಬಲಿನ ಬಾಗು ಎಷ್ಟು ಹೊರಗೆ ಚಾಚಿದೆ ನೋಡಿ. ಪೋರ್ಟ್‌ಗಳನ್ನು ಗುಳಿಯೊಳಗೆ ಕೂರಿಸಿದ ಟಿವಿಗಳಲ್ಲಿ ಇದು ಕಡಿಮೆ ಬರುತ್ತದೆ. ಅಕ್ಕನ ಟಿವಿಯಲ್ಲಿ ಎಚ್‌ಡಿಎಂಐ ಮತ್ತು ಯುಎಸ್‌ಬಿ ಪಕ್ಕಕ್ಕಿದ್ದವು. ಲ್ಯಾನ್ ಮತ್ತು ಬಣ್ಣದ ಜ್ಯಾಕ್‌ಗಳು ಹಿಂದಕ್ಕಿದ್ದವು. ಮನೆಯಲ್ಲಿ ರೂಟರ್ ಅದೇ ಮೂಲೆಯಲ್ಲಿದ್ದ ಕಾರಣ ಲ್ಯಾನ್ ಕೇಬಲ್ ಬೇಕಿತ್ತು. ಅದರ ಬಾಗು 30 ಮಿಮೀ ಹೊರಗೆ ಬರುತ್ತಿತ್ತು.

ಫಿಕ್ಸ್ಡ್ ಬ್ರ್ಯಾಕೆಟ್‌ನಲ್ಲಿ ಟಿವಿ ಬೆನ್ನಿಗೂ ಗೋಡೆಗೂ ಸುಮಾರು 25 ಮಿಮೀ ಜಾಗ. ಬೆಲೆ ಕಡಿಮೆ, ಗೋಡೆಯ ಮೇಲೆ ಎಳೆತ ಕಡಿಮೆ, ನೋಡಲೂ ಚೆಂದ. ಪೋರ್ಟ್‌ಗಳೆಲ್ಲ ಪಕ್ಕಕ್ಕೋ ಕೆಳಕ್ಕೋ ಇದ್ದು, ಟಿವಿ ಕಣ್ಣಿನ ಮಟ್ಟದಲ್ಲೇ ಬರುವುದಾದರೆ ಬೇರೆ ಯೋಚನೆ ಬೇಡ, ಇದನ್ನೇ ತಗೊಳ್ಳಿ. ಅಕ್ಕನ ಲ್ಯಾನ್ ಕೇಬಲ್ ಮಾತ್ರ ಇದರಲ್ಲಿ ಹಿಡಿಯುವುದಿಲ್ಲ. 30 ಮಿಮೀ ಬಾಗನ್ನು 25ರಲ್ಲಿ ಒತ್ತಿ ಕೂರಿಸಿದರೆ ಕೇಬಲಿನ ಒತ್ತಡವೆಲ್ಲ ಆ ಪೋರ್ಟಿನ ಮೇಲೆ ಬೀಳುತ್ತದೆ, ಬರುಬರುತ್ತಾ ಬೋರ್ಡಿನಲ್ಲಿ ಬೆಸುಗೆ ಸಡಿಲಾಗಬಹುದು. ಕೇಬಲ್ ಅಲ್ಲಾಡಿಸಿದಾಗ ಮಾತ್ರ ಸಿಗ್ನಲ್ ಬರುವ ಟಿವಿಗಳ ಹಿಂದೆ ಇದೂ ಒಂದು ಕಾರಣ ಇರಬಹುದು. ಎಚ್‌ಡಿಎಂಐ ಆದರೆ 90 ಡಿಗ್ರಿ ಬಾಗಿದ ಅಡಾಪ್ಟರ್ ಹಾಕಿ ಜಾಗ ಉಳಿಸಬಹುದು. ಆ ಅಡಾಪ್ಟರ್ ಎರಡು ದಿಕ್ಕಿನದು ಸಿಗುತ್ತದೆ, ಕೇಬಲ್ ಕೆಳಗೆ ಬರುವಂಥದ್ದೇ ನೋಡಿ ಕೊಳ್ಳಬೇಕು.

ಟಿಲ್ಟ್ ಬ್ರ್ಯಾಕೆಟ್‌ನಲ್ಲಿ ಜಾಗ 50ರಿಂದ 70 ಮಿಮೀ. ಟಿವಿಯನ್ನು ಮುಂದಕ್ಕೆ ಸ್ವಲ್ಪ ಬಗ್ಗಿಸಬಹುದು. ಮಂಚದ ಮೇಲೆ ಮಲಗಿ ನೋಡುವವರಿಗೆ, ಶೋಕೇಸ್ ಮೇಲೆ ಎತ್ತರದಲ್ಲಿ ಹಾಕುವವರಿಗೆ ಇದು ಸರಿ. ಎಷ್ಟು ಬಗ್ಗಬೇಕು ಅನ್ನುವುದನ್ನೂ ಲೆಕ್ಕ ಹಾಕಬಹುದು. ಅಕ್ಕನ ಮನೆಯಲ್ಲಿ ಕೆಳಗೆ ದಿವಾನ್ ಇದ್ದದ್ದರಿಂದ ಪರದೆಯ ನಡು ನೆಲದಿಂದ 135 ಸೆಂಮೀ ಎತ್ತರಕ್ಕೆ ಬರುತ್ತಿತ್ತು. ಸೋಫಾ ಮೇಲೆ ಕೂತಾಗ ಕಣ್ಣು ಸುಮಾರು 105 ಸೆಂಮೀ. 30 ಸೆಂಮೀ ವ್ಯತ್ಯಾಸ, ಎರಡೂವರೆ ಮೀಟರ್ ದೂರ. ಅಂದರೆ ಏಳು ಡಿಗ್ರಿ. 10 ಡಿಗ್ರಿ ಬಗ್ಗುವ ಸಾಮಾನ್ಯ ಟಿಲ್ಟ್ ಬ್ರ್ಯಾಕೆಟ್ ಇದಕ್ಕೆ ಧಾರಾಳ ಸಾಕು.

ಸ್ವಿವೆಲ್ ಅಂದರೆ ತೋಳು ಚಾಚಿ ಎಡಕ್ಕೆ ಬಲಕ್ಕೆ ತಿರುಗುವಂಥದ್ದು. ಅಂಗಡಿಯಲ್ಲಿ ತುಂಬಾ ಜನ ಇದನ್ನೇ ಇಷ್ಟಪಡುತ್ತಾರೆ, ಯಾವ ಪೋರ್ಟ್ ಎಲ್ಲಿದ್ದರೂ ಕೈ ಹೋಗುತ್ತದೆ ನೋಡಿ. ಆದರೆ ಗೋಡೆಯ ಮೇಲೆ ಬೀಳುವ ಎಳೆತದ ಲೆಕ್ಕವೇ ಬೇರೆ. ಟಿವಿಯ ತೂಕವನ್ನು ಗೋಡೆಯಿಂದ ಅದು ಇರುವ ದೂರಕ್ಕೆ ಗುಣಿಸಿ, ಮೇಲಿನ ಮತ್ತು ಕೆಳಗಿನ ಬೋಲ್ಟ್ ನಡುವಿನ ಅಂತರದಿಂದ ಭಾಗಿಸಿ. ಮೇಲಿನ ಬೋಲ್ಟ್‌ಗಳನ್ನು ಗೋಡೆಯಿಂದ ಹೊರಗೆ ಎಳೆಯುವ ಬಲ ಅದು. ಬೋಲ್ಟ್ ಅಂತರ 15 ಸೆಂಮೀ ಅಂತ ಇಟ್ಟುಕೊಳ್ಳೋಣ. ಒಂಬತ್ತೂವರೆ ಕೆಜಿ ಟಿವಿ ಫಿಕ್ಸ್ಡ್‌ನಲ್ಲಿ ಗೋಡೆಯಿಂದ ಐದೂವರೆ ಸೆಂಮೀ ದೂರದಲ್ಲಿ ತೂಗುತ್ತದೆ, ಎಳೆತ ಸುಮಾರು ಮೂರೂವರೆ ಕೆಜಿ. ಟಿಲ್ಟ್‌ನಲ್ಲಿ 9 ಸೆಂಮೀ, ಎಳೆತ 6 ಕೆಜಿ. ಸ್ವಿವೆಲ್ ತೋಳು 40 ಸೆಂಮೀ ಚಾಚಿದಾಗ ಎಳೆತ 25 ಕೆಜಿ, ಅದರ ಮೇಲೆ ತೋಳಿನ ತೂಕ ಬೇರೆ. ಮಕ್ಕಳು ಟಿವಿ ಹಿಡಿದು ಎಳೆದರಂತೂ ಇನ್ನೂ ಹೆಚ್ಚು. ಅಡುಗೆಮನೆಯಿಂದಲೂ ಹಾಲಿನಿಂದಲೂ ನೋಡಬೇಕು, ಅಥವಾ ಟಿವಿ ಮೂಲೆಯಲ್ಲಿ ಬರುತ್ತದೆ ಅನ್ನುವಂಥ ನಿಜವಾದ ಕಾರಣ ಇದ್ದು, ಗೋಡೆ ಗಟ್ಟಿ ಇದ್ದರೆ ಮಾತ್ರ ಸ್ವಿವೆಲ್ ತಗೊಳ್ಳಿ. ಸುಮ್ನೆ ಇರಲಿ ಅಂತ ಬೇಡ.

ಅಕ್ಕನ ಮನೆಗೆ ನಾವು ಆರಿಸಿದ್ದು ಟಿಲ್ಟ್. 200×200 ಹಿಡಿಯುವಂಥದ್ದು, ಜಾಗ 60 ಮಿಮೀ. ಟಿವಿ ತೂಗುಹಾಕುವ ಮೊದಲೇ ಪಕ್ಕದ ಒಂದು ಎಚ್‌ಡಿಎಂಐಗೆ ಗಿಡ್ಡದೊಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕೆಳಗೆ ಇಳಿಬಿಟ್ಟೆವು. ಮುಂದೆ ಸೆಟ್ ಟಾಪ್ ಬಾಕ್ಸ್ ಬದಲಿಸಿದಾಗ ಟಿವಿ ಕೆಳಗಿಳಿಸುವ ಕೆಲಸ ಇಲ್ಲ.

ಗೋಡೆ ಯಾವುದು ಅಂತ ಡ್ರಿಲ್ ಪುಡಿ ಹೇಳುತ್ತದೆ

ಡ್ರಿಲ್ ಹಾಕಿದಾಗ ಮೊದಲ 12ರಿಂದ 15 ಮಿಮೀ ಬರುವುದು ಪ್ಲಾಸ್ಟರ್ ಪುಡಿ. ಆ ಪದರಕ್ಕೆ ಹಿಡಿತ ಇಲ್ಲ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಆಮೇಲೆ ಬರುವ ಪುಡಿಯ ಬಣ್ಣ ನೋಡಿ. ಬೂದು ಬಣ್ಣ ಬಂದು ಡ್ರಿಲ್ ಒಂದೇ ಸಮನೆ ಗಟ್ಟಿಯಾಗಿ ಹೋದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟ್, ಯಾವ ಬ್ರ್ಯಾಕೆಟ್ ಆದರೂ ಆಗುತ್ತದೆ. ಕೆಂಪು ಪುಡಿ ಅಂದರೆ ಇಟ್ಟಿಗೆ. ತೂತು ಇಟ್ಟಿಗೆಯ ನಡುವಿಗೆ ಬೀಳಬೇಕು, ಎರಡು ಇಟ್ಟಿಗೆಯ ಸಂದಿಗಲ್ಲ. ಮಂಗಳೂರು, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆಯಲ್ಲಿ ಪುಡಿ ಕೆಂಪೇ ಬಂದರೂ ಕಲ್ಲಿನಲ್ಲಿ ಪೊಳ್ಳು ಇರುತ್ತದೆ. ಡ್ರಿಲ್ ತಟ್ಟನೆ ಒಳಗೆ ನುಗ್ಗಿದರೆ ಆ ತೂತು ಬಿಟ್ಟು ಪಕ್ಕದಲ್ಲಿ ಹಾಕಿ.

ಬಿಳಿ ಪುಡಿ ಮೆತ್ತಗೆ ಉದುರಿದರೆ ಅದು ಎಎಸಿ ಅನ್ನುವ ಹಗುರ ಸಿಮೆಂಟ್ ಬ್ಲಾಕ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಜಾಸ್ತಿ. ಇದಕ್ಕೆ ಡ್ರಿಲ್‌ನ ಹ್ಯಾಮರ್ ಬಟನ್ ಆಫ್ ಮಾಡಿ ತೂತು ಕೊರೆಯಬೇಕು, ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ ಅಲ್ಲಾಡುತ್ತದೆ. ಎಎಸಿಗೆ ಅಂತಲೇ ಬರುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ ತಗೊಳ್ಳಿ. ಇಂಥ ಗೋಡೆಗೆ ಫಿಕ್ಸ್ಡ್ ಅಥವಾ ಟಿಲ್ಟ್ ಸಾಕು. ಸ್ವಿವೆಲ್ ಬೇಕೇ ಬೇಕು ಅಂದರೆ ಮೊದಲು ದಪ್ಪ ಪ್ಲೈವುಡ್ ಹಲಗೆಯನ್ನು ಹಲವು ಕಡೆ ಗೋಡೆಗೆ ಬಿಗಿದು, ಅದರ ಮೇಲೆ ಬ್ರ್ಯಾಕೆಟ್ ಹಾಕಿ.

ಪ್ರೊಜೆಕ್ಟರ್ ಆದರೆ

ಟಿವಿಗೆ ಮಾಡೆಲ್ ಇಲ್ಲದೆ ನಡೆಯುತ್ತದೆ, ಪ್ರೊಜೆಕ್ಟರ್‌ಗೆ ನಡೆಯುವುದಿಲ್ಲ. ಗೋಡೆಯಿಂದ ಎಷ್ಟು ದೂರ ಇಟ್ಟರೆ ಎಷ್ಟು ಅಗಲದ ಚಿತ್ರ ಬರುತ್ತದೆ ಅನ್ನುವ ಥ್ರೋ ರೇಷಿಯೊ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ರೇಷಿಯೊ 1.5 ಇದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ ಲೆನ್ಸ್ 3 ಮೀಟರ್ ದೂರ ಇರಬೇಕು. ಚಾವಣಿಯಲ್ಲಿ ತೂತು ಎಲ್ಲಿ ಕೊರೆಯಬೇಕು ಅನ್ನುವುದು ಇದರಿಂದಲೇ ತೀರ್ಮಾನ. ಕಾಗದದಲ್ಲಿ ಸಿಗದಿದ್ದರೆ ಪ್ರೊಜೆಕ್ಟರನ್ನು ಮೇಜಿನ ಮೇಲೆ ಇಟ್ಟು ಆನ್ ಮಾಡಿ, ಚಿತ್ರದ ಅಗಲ ಮತ್ತು ಲೆನ್ಸಿನ ದೂರ ಅಳೆದು, ದೂರವನ್ನು ಅಗಲದಿಂದ ಭಾಗಿಸಿ. ಜೂಮ್ ಇದ್ದರೆ ಎರಡೂ ತುದಿಯಲ್ಲಿ ಅಳೆಯಿರಿ.

ಪೋರ್ಟ್‌ನಿಂದ ಇಲ್ಲೂ ಸುಳಿವು ಸಿಗುತ್ತದೆ. ಎರಡು ವಿಜಿಎ ಇದ್ದು ಎಚ್‌ಡಿಎಂಐ ಇಲ್ಲದಿದ್ದರೆ ಹಳೆಯ ಆಫೀಸ್ ಅಥವಾ ಶಾಲೆಯ ಪ್ರೊಜೆಕ್ಟರ್. ಲ್ಯಾನ್ ಮತ್ತು 9 ಪಿನ್‌ನ ಕಂಟ್ರೋಲ್ ಪೋರ್ಟ್ ಇದ್ದರೆ ಅದೇ ಸಾಲಿನ ಮೇಲಿನ ದರ್ಜೆಯದ್ದು. ಇಡಿಐಡಿ ಓದಿದರೆ ರೆಸಲ್ಯೂಷನ್ ಸಿಗುತ್ತದೆ. ಎಪ್ಸನ್‌ನ EB ಸಾಲಿನಲ್ಲಿ ಅದಕ್ಕೂ ಹೆಸರಿಗೂ ನೇರ ಸಂಬಂಧ ಇದೆ: 800×600 ಆದರೆ EB-S, 1024×768 ಆದರೆ EB-X, 1280×800 ಆದರೆ EB-W, 1920×1200 ಆದರೆ EB-U.

ಪ್ರೊಜೆಕ್ಟರ್ ಅಡಿಯ ತೂತುಗಳಿಗೆ ವೆಸಾದಂಥ ಸಾಮಾನ್ಯ ಅಳತೆ ಇಲ್ಲ. ಮೂರೋ ನಾಲ್ಕೋ ತೂತು, ಹೆಚ್ಚಾಗಿ ಎಂ4, ಒಂದೊಂದರಲ್ಲಿ ಒಂದೊಂದು ಜಾಗ. ಅದಕ್ಕೆ ನಾಲ್ಕು ತೋಳು ಸರಿಸಿ ಹೊಂದಿಸುವ ಯೂನಿವರ್ಸಲ್ ಬ್ರ್ಯಾಕೆಟ್ ತಗೊಳ್ಳುವುದೇ ಸರಿ. ಅಡಿಗೆ ಒಂದು ಕಾಗದ ಒತ್ತಿ ಹಿಡಿದು ಪೆನ್ಸಿಲ್‌ನಿಂದ ಉಜ್ಜಿದರೆ ತೂತುಗಳ ಗುರುತು ಮೂಡುತ್ತದೆ. ಆ ಕಾಗದ ಅಂಗಡಿಗೆ ಒಯ್ದರೆ ತೋಳು ಅಲ್ಲಿಯವರೆಗೆ ಚಾಚುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಬ್ರ್ಯಾಕೆಟ್ ಪೈಪನ್ನು ಮೇಲಿನ ಆರ್‌ಸಿಸಿ ಚಾವಣಿಗೇ ಬಿಗಿಯಬೇಕು, ಫಾಲ್ಸ್ ಸೀಲಿಂಗ್‌ಗೆ ಅಲ್ಲ. ಬಿಸಿ ಗಾಳಿ ಹೊರಬರುವ ಜಾಲರಿಯ ಮುಂದೆ ಗೋಡೆಯೋ ಪೈಪೋ ಅಡ್ಡ ಬರದಂತೆ ನೋಡಿಕೊಳ್ಳಿ.

ತಲೆಕೆಳಗಾಗಿ ಹಾಕಿದಾಗ ಚಿತ್ರವೂ ತಲೆಕೆಳಗಾಗಿ ಬರುತ್ತದೆ, ಮೆನುವಿನಲ್ಲಿ Projection ಅನ್ನು Front/Ceiling ಅಂತ ಬದಲಿಸಬೇಕು. ಎಪ್ಸನ್ ಆದರೆ ಮೆನುವಿಗೆ ಹೋಗದೆ ರಿಮೋಟ್‌ನಲ್ಲಿ A/V Mute ಬಟನ್ ಐದು ಸೆಕೆಂಡ್ ಒತ್ತಿ ಹಿಡಿದರೂ ಚಿತ್ರ ತಿರುಗುತ್ತದೆ.